ಪದಚರ್ಚೆ: ಹ್ಯಾಶ್ ಟೇಬಲ್ಲಿಗೆ ‘ಭಾಗಾಕಾರ ವಿಧಾನ’ ಸರಿಯೇ, ‘ಶೇಷ ವಿಧಾನ’ ಸರಿಯೇ?

ವಸುಧಾ

ಎಲ್ಲರಿಗೂ ನಮಸ್ಕಾರ. ಪದಗಳನ್ನು ಸಂಖ್ಯೆ ಮಾಡಿ, ಆ ಸಂಖ್ಯೆ ತೋರಿಸುವ ಖಾನೆಯಲ್ಲಿಟ್ಟು ಬೇಗ ಹುಡುಕಿಕೊಳ್ಳುವ ಹ್ಯಾಶ್ ಟೇಬಲ್ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಎರಡು ಹೆಸರುಗಳ ಹತ್ತಿರ ಬಂದು ಕೈ ನಿಂತಿದೆ.

ಮೊದಲು ಪದವನ್ನು ಒಂದು ದೊಡ್ಡ ಸಂಖ್ಯೆ ಮಾಡಿಕೊಳ್ಳುತ್ತೇವೆ. ನಾನು ಬಳಸಿದ್ದು ಜಾವಾದಲ್ಲಿರುವ ಕ್ರಮವನ್ನೇ:

```
h = 0
ಪ್ರತಿ ಅಕ್ಷರ c ಗೆ:  h = h * 31 + c
```

ಯುನಿಕೋಡ್‌ನಲ್ಲಿ ಸ = 3256, ರ = 3248. ಹಾಗಾಗಿ ‘ಸರ’ ಪದಕ್ಕೆ 3256 × 31 + 3248, ಅಂದರೆ 104184 ಬರುತ್ತದೆ. ಟೇಬಲ್ಲಿನಲ್ಲಿ ಇರುವುದು 16 ಖಾನೆ. ಈ ದೊಡ್ಡ ಸಂಖ್ಯೆಯಿಂದ ಖಾನೆ ಸಂಖ್ಯೆ ಹುಡುಕಲು ಎರಡು ದಾರಿಗಳಿವೆ. ಅವಕ್ಕೆ ‘ಭಾಗಾಕಾರ ವಿಧಾನ’, ‘ಗುಣಾಕಾರ ವಿಧಾನ’ ಎಂದು ಬರೆದೆ. ಪಾಠ ಓದಿದ ಹುಡುಗನೊಬ್ಬ 104184ನ್ನು 16ರಿಂದ ಭಾಗಿಸಿ 6511 ಎಂದು ಉತ್ತರ ಕೊಟ್ಟ. ಅವನು ಭಾಗಲಬ್ಧ ತೆಗೆದುಕೊಂಡಿದ್ದಾನೆ. ನಮಗೆ ಬೇಕಾದದ್ದು ಶೇಷ, ಅಂದರೆ 8. ‘ಭಾಗಾಕಾರ’ ಎಂದರೆ ಯಾರಿಗಾದರೂ ಮೊದಲು ನೆನಪಾಗುವುದು ಭಾಗಲಬ್ಧವೇ ಅಲ್ವಾ? ತಪ್ಪು ನಾನು ಕೊಟ್ಟ ಹೆಸರಿನದು ಅನ್ನಿಸುತ್ತಿದೆ. ‘ಶೇಷ ವಿಧಾನ’ ಎಂದು ಬದಲಿಸಲೇ? ಹಾಗಾದರೆ ಗುಣಾಕಾರಕ್ಕೆ ಜೋಡಿಯಾಗುವ ಪದ ಯಾವುದು?

ಸರೋಜಾ

ವಸುಧಾ ಅವರೇ, ಭಾಗಾಕಾರ ಬೇಡವೇ ಬೇಡ, ‘ವಿಭಜನೆ’ ಎನ್ನಿ. ನಿಘಂಟಿನಲ್ಲಿ ಅ ಭಾಗ, ಕ ಭಾಗ, ಚ ಭಾಗ ಎಂದು ಪದಗಳನ್ನು ಹಂಚಿಡುತ್ತೇವಲ್ಲ, ನೀವು ಹೇಳುತ್ತಿರುವುದೂ ಅದೇ ತಾನೇ? ನಾನು ನಿಘಂಟಿನ ಕೆಲಸ ಮಾಡಿದವಳು. ಕ ಮತ್ತು ಸ ಭಾಗಗಳು ತುಂಬಿ ತುಳುಕುತ್ತವೆ, ಝ ಖಾಲಿ ಹೊಡೆಯುತ್ತದೆ.

ಕಿರಣ್

ಸರೋಜಾ ಅವರೇ, ಇದು ಅಕಾರಾದಿಯಾಗಿ ಹಂಚುವುದಲ್ಲ. ಹಾಗೆ ಕೆಲವು ಖಾನೆಗಳೇ ತುಂಬಬಾರದು ಅಂತಲೇ ಹ್ಯಾಶ್ ಮಾಡುವುದು.

ವಸುಧಾ ಅವರೇ, ಹೆಸರು ಏನಾದರೂ ಇರಲಿ. 16 ಖಾನೆ ಇಟ್ಟುಕೊಂಡದ್ದೇ ತಪ್ಪು. ಅವಿಭಾಜ್ಯ ಸಂಖ್ಯೆ ಇಟ್ಟರೆ ಎಲ್ಲ ಸರಿಹೋಗುತ್ತದೆ, ಗುಣಾಕಾರ ವಿಧಾನ ಬೇಕಾಗುವುದೇ ಇಲ್ಲ. 31 ಖಾನೆ ಇಡಿ, ಮುಗಿಯಿತು.

ಶ್ರೀಧರ್

ಕಿರಣ್ ಹೇಳಿದ್ದರಲ್ಲಿ ಅರ್ಧ ಸರಿ. ‘ಸರ’ದ ಪಕ್ಕದಲ್ಲಿ ‘ರಸ’ ಇಟ್ಟು ನೋಡೋಣ. ಅದೇ ಎರಡು ಅಕ್ಷರ, ತಿರುವುಮುರುವು. 3248 × 31 + 3256 = 103944. ಬರೀ ಕೂಡಿದ್ದರೆ ಎರಡಕ್ಕೂ ಒಂದೇ ಮೊತ್ತ ಬರುತ್ತಿತ್ತು. 31ರಿಂದ ಗುಣಿಸುತ್ತಾ ಹೋಗುವುದರಿಂದ ಅಕ್ಷರಗಳ ಸ್ಥಾನಕ್ಕೆ ಬೆಲೆ ಬಂತು, ಸಂಖ್ಯೆಗಳು ಬೇರೆಯಾದವು. ಆದರೆ 16ರಿಂದ ಭಾಗಿಸಿದರೆ ಇದಕ್ಕೂ ಶೇಷ 8. ಎರಡೂ ಒಂದೇ ಖಾನೆಗೆ ಬಿದ್ದವು.

ಯಾಕೆ ಅಂದರೆ, ಎರಡು ಸಂಖ್ಯೆಗಳ ಅಂತರ 240. ಅದು 16ರ ಹದಿನೈದರಷ್ಟು. 16ರಿಂದ ಭಾಗಿಸಿ ಶೇಷ ತೆಗೆಯುವುದೆಂದರೆ ಸಂಖ್ಯೆಯ ಕೊನೆಯ 4 ಬಿಟ್ ಮಾತ್ರ ನೋಡಿ ಉಳಿದದ್ದನ್ನು ಎಸೆದಂತೆ. ಮೇಲಿನ ಬಿಟ್‌ಗಳಲ್ಲಿ ಎಷ್ಟೇ ವ್ಯತ್ಯಾಸವಿದ್ದರೂ ಅದು ಖಾನೆಯ ತನಕ ಬರುವುದೇ ಇಲ್ಲ. 13 ಖಾನೆ ಇಟ್ಟರೆ ‘ಸರ’ 2ಕ್ಕೆ, ‘ರಸ’ 9ಕ್ಕೆ ಹೋಗುತ್ತವೆ. ಕಿರಣ್ ಮಾತು ಇಲ್ಲಿಯ ತನಕ ಸರಿ.

ಆದರೆ ಅವರು ಆರಿಸಿದ 31 ಇದೆಯಲ್ಲ, ಇಲ್ಲಿ ಅದಕ್ಕಿಂತ ಕೆಟ್ಟ ಆಯ್ಕೆ ಇಲ್ಲ. ನಾವು ಗುಣಿಸಿದ್ದೂ 31ರಿಂದಲೇ. ಕೊನೆಯ ಅಕ್ಷರ ಬಿಟ್ಟು ಮಿಕ್ಕಿದ್ದೆಲ್ಲ 31ರ ಮಡಿ, ಶೇಷ ತೆಗೆದಾಗ ಸೊನ್ನೆಯಾಗಿಬಿಡುತ್ತದೆ. ಸರ, ಮರ, ಬರ, ಕರ ಎಲ್ಲವೂ 24ನೇ ಖಾನೆಗೇ. ಸಂಖ್ಯೆ 32 ಬಿಟ್ ದಾಟದ ತನಕ ‘ರ’ದಲ್ಲಿ ಮುಗಿಯುವ ಯಾವ ಪದವಾದರೂ ಅಲ್ಲಿಗೇ. ಅವಿಭಾಜ್ಯವಾಗಿದ್ದರೆ ಸಾಲದು, ಸ್ಟ್ರಿಂಗ್ ಹ್ಯಾಶ್‌ನ ಗುಣಕಕ್ಕೂ ಅದಕ್ಕೂ ಇಂಥ ನಂಟು ಇರಬಾರದು.

ಈಗ ಗುಣಾಕಾರ. ಗಣಕ ವಿಜ್ಞಾನಿ ಡೊನಾಲ್ಡ್ ಕ್ನುತ್ ಸೂಚಿಸಿದ ಸ್ಥಿರಾಂಕ 0.6180339887. 104184ನ್ನು ಅದರಿಂದ ಗುಣಿಸಿದರೆ 64389.253 ಬರುತ್ತದೆ. ಪೂರ್ಣಾಂಕವನ್ನು ಬಿಟ್ಟು 0.253 ಇಟ್ಟುಕೊಳ್ಳಿ. 16ರಿಂದ ಗುಣಿಸಿದರೆ 4.05, ಖಾನೆ 4. ‘ರಸ’ಕ್ಕೆ 64240.925 ಬರುತ್ತದೆ. 0.925 × 16 = 14.8, ಖಾನೆ 14. ಖಾನೆ ಅದೇ 16, ಆದರೂ ಎರಡೂ ದೂರ ಹೋದವು. ಇಲ್ಲಿ ಟೇಬಲ್ಲಿನ ಗಾತ್ರ ಅವಿಭಾಜ್ಯವೇ ಆಗಬೇಕೆಂಬ ಹಟ ಬೇಡ. ಟೇಬಲ್ ತುಂಬುತ್ತಾ ಬಂದಾಗ 16ನ್ನು 32, 64 ಎಂದು ಇಮ್ಮಡಿ ಮಾಡುತ್ತಾ ಹೋಗಬಹುದು.

ವಸುಧಾ ಅವರ ಪ್ರಶ್ನೆಗೆ ಬರುತ್ತೇನೆ. ಮೊದಲನೆಯದಕ್ಕೆ ‘ಶೇಷ ವಿಧಾನ’ವೇ ಸರಿ. ಎರಡನೆಯದರಲ್ಲೂ ನಾವು ಇಟ್ಟುಕೊಳ್ಳುವುದು ಗುಣಲಬ್ಧವನ್ನಲ್ಲ, ದಶಮಾಂಶ ಬಿಂದುವಿನ ಆಚೆ ಉಳಿದದ್ದನ್ನು. ಹಾಗಾಗಿ ‘ಭಾಗಿಸಿದ ಉಳಿಕೆ’, ‘ಗುಣಿಸಿದ ಉಳಿಕೆ’ ಎಂದರೆ ಜೋಡಿ ಕೂಡುತ್ತದೆ.

ನವೀನ್

ಶ್ರೀಧರ್ ಸರ್, ನನ್ನ ಪ್ರೋಗ್ರಾಮಿನಲ್ಲಿ ಗುಣಾಕಾರವೇ ಇದೆ, ಆದರೂ ‘ಸರ’, ‘ರಸ’ ಎರಡೂ 8ಕ್ಕೇ ಬೀಳುತ್ತಿವೆ. ಹೀಗಿದೆ:

```
i = (h * 2654435769u) & 15;
```

ಶ್ರೀಧರ್

ನವೀನ್, ಸ್ಥಿರಾಂಕ ಸರಿ ಇದೆ. ಅದು 0.618ನ್ನು 2³²ರಿಂದ ಗುಣಿಸಿದ್ದು. ಆದರೆ ನೀವು ಹಿಡಿದದ್ದು ತಪ್ಪು ತುದಿ. `& 15` ಎಂದರೆ ಮತ್ತೆ ಕೊನೆಯ 4 ಬಿಟ್. ಗುಣಿಸುವಾಗ ಕೆಳಗಿನ ಬಿಟ್‌ಗಳ ಪ್ರಭಾವ ಮೇಲಕ್ಕೆ ಹರಿಯುತ್ತದೆ, ಮೇಲಿನದು ಕೆಳಕ್ಕೆ ಎಂದೂ ಇಳಿಯುವುದಿಲ್ಲ. ಹಾಗಾಗಿ ಕೊನೆಯ 4 ಬಿಟ್ ಒಂದೇ ಆಗಿದ್ದ ಎರಡು ಸಂಖ್ಯೆಗಳು ಗುಣಿಸಿದ ಮೇಲೂ ಅಲ್ಲಿ ಒಂದೇ ಆಗಿರುತ್ತವೆ. ಎಲ್ಲ ಬಿಟ್‌ಗಳೂ ಬೆರೆತಿರುವುದು ಮೇಲ್ತುದಿಯಲ್ಲಿ:

```
i = (h * 2654435769u) >> 28;
```

`h` ಚಿಹ್ನೆ ಇಲ್ಲದ 32 ಬಿಟ್ ಸಂಖ್ಯೆಯಾಗಿರಬೇಕು. ಹೀಗೆ ಬದಲಿಸಿದರೆ 4 ಮತ್ತು 14 ಬರುತ್ತದೆ, ನೋಡಿ.

ಸರೋಜಾ

ಈಗ ಅರ್ಥವಾಯಿತು, ಶ್ರೀಧರ್. ನಿಮ್ಮ 31ರ ಲೆಕ್ಕ ಹಿಡಿದು ನಾನೂ ಪದಗಳನ್ನು ಹಾಕಿ ನೋಡಿದೆ. ‘ಧವ’ ಮತ್ತು ‘ನಖ’ ಎರಡಕ್ಕೂ 103662 ಬರುತ್ತಿದೆ. ಮೂರು ಸಲ ಲೆಕ್ಕ ಮಾಡಿದೆ. ಅಕ್ಷರಗಳೇ ಬೇರೆ, ಸಂಖ್ಯೆ ಮಾತ್ರ ಒಂದೇ!

ಶ್ರೀಧರ್

ಒಳ್ಳೆಯ ಜೋಡಿ ಸಿಕ್ಕಿತು, ಸರೋಜಾ ಅವರೇ. ಧದಿಂದ ನಕ್ಕೆ 1 ಹೆಚ್ಚು, ಅಂದರೆ ಮೊತ್ತಕ್ಕೆ 31 ಸೇರಿತು. ವದಿಂದ ಖಕ್ಕೆ 31 ಕಡಿಮೆ. ಸರಿಗೆ ಸರಿ ಹೋಯಿತು. ಸಂಖ್ಯೆಯೇ ಒಂದಾದ ಮೇಲೆ ಶೇಷ ತೆಗೆದರೂ ಗುಣಿಸಿದರೂ ಅವನ್ನು ಬೇರೆ ಮಾಡಲಾಗದು. 13 ಇರಲಿ, 16 ಇರಲಿ, ಒಂದೇ ಖಾನೆ. ಇಂಥದ್ದನ್ನು ಕಡಿಮೆ ಮಾಡಬೇಕಾದರೆ ಮೊದಲ ಹಂತದ 31ನ್ನೇ ಬದಲಿಸಬೇಕು. ಕನ್ನಡದ ಅಕ್ಷರಗಳು 128ರ ಒಂದು ಪಟ್ಟಿಯೊಳಗೇ ಇವೆ. 128ಕ್ಕಿಂತ ದೊಡ್ಡ ಗುಣಕ ಇಟ್ಟರೆ ಎರಡಕ್ಷರದ ಪದಗಳಲ್ಲಿ ಹೀಗಾಗುವುದಿಲ್ಲ. ಉದ್ದದ ಪದಗಳು 32 ಬಿಟ್ ದಾಟಿದಾಗ ಆಗಲೂಬಹುದು.

ವಸುಧಾ

‘ಶೇಷ ವಿಧಾನ’ ಎಂದು ಪಾಠದಲ್ಲಿ ಬದಲಿಸಿದೆ. ಧವ–ನಖ ಜೋಡಿಯನ್ನೂ ಸೇರಿಸಿಕೊಳ್ಳುತ್ತೇನೆ ಸರೋಜಾ ಅವರೇ, ಅದಕ್ಕೆ ‘ಒಂದೇ ಹ್ಯಾಶ್’ ಎಂದೂ, ಸರ–ರಸಕ್ಕೆ ‘ಒಂದೇ ಖಾನೆ’ ಎಂದೂ ಬೇರೆ ಬೇರೆ ಹೆಸರಿಡುತ್ತೇನೆ. ಎರಡನ್ನೂ ಸುಮ್ನೆ ‘ಡಿಕ್ಕಿ’ ಎಂದರೆ ರಿಪೇರಿ ಎಲ್ಲಿ ಮಾಡಬೇಕು ಎನ್ನುವುದು ಗೊತ್ತಾಗುವುದಿಲ್ಲ.

‘ಗುಣಿಸಿದ ಉಳಿಕೆ’ ಮಾತ್ರ ಇನ್ನೂ ಒಪ್ಪಿಗೆಯಾಗಿಲ್ಲ. ಉಳಿಕೆ ಎಂದರೆ ಓದುವವರು ಮತ್ತೆ ಕೊನೆಯ ತುದಿಗೇ ಕೈ ಹಾಕುತ್ತಾರೆ, ನವೀನ್‌ಗೆ ಆದದ್ದೂ ಅದೇ.

ಸರೋಜಾ

ದಶಮಾಂಶ ಬಿಂದುವಿನ ಆಚೆಯದು ಎಂದು ‘ಭಿನ್ನ’ ಎನ್ನೋಣವೆಂದರೆ ಅದೂ ಬೇಡ, ಬೇರೆ ಎಂಬ ಅರ್ಥ ಮೊದಲು ಬರುತ್ತದೆ. ‘ಗುಣಿಸಿ ಮೇಲ್ತುದಿ’ ಹೇಗೆ?

ಕಿರಣ್

ನಾನು 31 ಹೇಳಿದ್ದು ತಪ್ಪು, ಒಪ್ಪಿದೆ. ಆದರೆ 37 ಇಟ್ಟರೆ ಶೇಷ ವಿಧಾನವೇ ಸಾಕು ಅಂತ ಈಗಲೂ ಹೇಳುತ್ತೇನೆ. ಎರಡನೆಯದಕ್ಕೆ ‘ಗುಣಾಕಾರ ವಿಧಾನ’ ಎಂದೇ ಇರಲಿ ಬಿಡಿ.