ಹಳೇ ನಷ್ಟ ಬಾಕಿ ಇದ್ದರೂ ಬಡ್ಡಿ ಮೇಲೆ ತೆರಿಗೆ ತೋರಿಸ್ತಿದೆ (ITR-5)

ಖಾತೆಕಿರ್ದಿ: ಪಾಲುದಾರಿಕೆ ಫರ್ಮ್, ಅಸೆಸ್‌ಮೆಂಟ್ ವರ್ಷ 2025-26. ಈ ವರ್ಷದ ಡಿಪ್ರಿಸಿಯೇಷನ್ ಕಳೆದು ವ್ಯಾಪಾರದ ಲಾಭ 7,00,000, ಎಫ್‌ಡಿ ಬಡ್ಡಿ 1,50,000. 2017-18ರ ಬಾಕಿ 9,00,000 ಅನ್ನು Schedule CFL ನಲ್ಲಿ ಹಾಕಿದೆ. ಲಾಭವೇನೋ ಸೊನ್ನೆಯಾಯ್ತು, ಬಡ್ಡಿಗೆ ಮಾತ್ರ ಸೆಸ್ ಸೇರಿ 46,800 ತೆರಿಗೆ. ಇನ್ನೂ 2 ಲಕ್ಷ ಉಳಿದಿದೆಯಲ್ಲ, ಅದನ್ನೇಕೆ ಕಳೀತಿಲ್ಲ?

ಹಳೇಮುನೀಮ: ಆ 9 ಲಕ್ಷದಲ್ಲಿ ಡಿಪ್ರಿಸಿಯೇಷನ್ ಎಷ್ಟು?

ಖಾತೆಕಿರ್ದಿ: ನಷ್ಟ 5, ಡಿಪ್ರಿಸಿಯೇಷನ್ 4.

ತುಮಕೂರುಟ್ಯಾಕ್ಸ್: ಹಾಗಾದ್ರೆ ಮೊದಲು ಡಿಪ್ರಿಸಿಯೇಷನ್ ಕಳೀರಿ. 32(2) ಪ್ರಕಾರ ಹಳೇದು ಈ ವರ್ಷದ ಡಿಪ್ರಿಸಿಯೇಷನ್ ಜೊತೆ ಸೇರ್ಕೊಳ್ಳುತ್ತೆ.

ಹಳೇಮುನೀಮ: ಸೇರ್ಕೊಳ್ಳೋದು ನಿಜ, ಆದರೆ ಅದೇ 32(2) ತನ್ನನ್ನು 72(2)ಕ್ಕೆ ಒಳಪಡಿಸಿಕೊಂಡಿದೆ. ಅಲ್ಲಿ ಹಳೇ ವ್ಯಾಪಾರ ನಷ್ಟಕ್ಕೇ ಮೊದಲ ಸರದಿ. ಅಂದರೆ ಈ ವರ್ಷದ ಡಿಪ್ರಿಸಿಯೇಷನ್, ಆಮೇಲೆ ಹಳೇ ನಷ್ಟ, ಕೊನೆಗೆ ಹಳೇ ಡಿಪ್ರಿಸಿಯೇಷನ್. ನಷ್ಟಕ್ಕೆ ಎಂಟೇ ವರ್ಷ ಆಯುಸ್ಸು, ಅದೂ ವ್ಯಾಪಾರದ ಲಾಭದಲ್ಲಿ ಮಾತ್ರ ಕಳೀಬೇಕು. ಡಿಪ್ರಿಸಿಯೇಷನ್‌ಗೆ ಗಡುವಿಲ್ಲ, ಬಡ್ಡಿ ಆದಾಯದಲ್ಲೂ ಕಳೆಯುತ್ತೆ.

ನೀವು ಎರಡನ್ನೂ CFL ಗೆ ಸುರಿದಿದ್ದೀರಿ. ಯುಟಿಲಿಟಿ 9 ಲಕ್ಷವನ್ನೂ ನಷ್ಟ ಅಂದುಕೊಂಡು ಬಡ್ಡಿ ಹತ್ತಿರ ಬಿಡಲಿಲ್ಲ. 2017-18ರ ನಷ್ಟಕ್ಕೆ ಇದೇ ಕೊನೇ ವರ್ಷ, ಹಾಗಾಗಿ ಉಳಿದ 2 ಲಕ್ಷ ಮುಂದಕ್ಕೂ ಹೋಗಲ್ಲ.

CFL ನಲ್ಲಿ 5 ಲಕ್ಷ ಇಟ್ಟು, 4 ಲಕ್ಷವನ್ನು Schedule UD ಗೆ ಹಾಕಿ. ಲಾಭ 7ರಲ್ಲಿ ನಷ್ಟ 5 ಹೋದರೆ 2 ಉಳಿಯುತ್ತೆ, ಅದಕ್ಕೆ ಡಿಪ್ರಿಸಿಯೇಷನ್ 2. ಇನ್ನು 1,50,000 ಬಡ್ಡಿಗೆ ಹೋಗಿ ತೆರಿಗೆ ಸೊನ್ನೆ, 50,000 ಮುಂದಿನ ವರ್ಷಕ್ಕೆ. Schedule BFLA ನಲ್ಲಿ ನಷ್ಟ, ಡಿಪ್ರಿಸಿಯೇಷನ್ ಬೇರೆ ಬೇರೆ ಕಾಲಂನಲ್ಲಿ ಬಂದಿದೆಯಾ ನೋಡಿ. ಡಿಪ್ರಿಸಿಯೇಷನ್ ಕಾಲಂ ಖಾಲಿ ಇದ್ದರೆ UD ತುಂಬಿಲ್ಲ ಅಂತಲೇ.

ತುಮಕೂರುಟ್ಯಾಕ್ಸ್: ಸರಿ ಸರ್, 72(2) ಮರೆತೇಬಿಟ್ಟಿದ್ದೆ. ನಾನು ಹೇಳಿದಂತೆ ಮಾಡಿದ್ರೆ 2 ಲಕ್ಷ ನಷ್ಟ ಲ್ಯಾಪ್ಸ್ ಆಗಿ, ಬಡ್ಡಿ ತೆರಿಗೆಗೆ ಸಿಕ್ಕಿಬೀಳ್ತಿತ್ತು.

ಮಂಡ್ಯಮಿಲ್: ನಮ್ಮ 2022-23ರ ರಿಟರ್ನ್ ತಡವಾಗಿ ಹಾಕಿದ್ದು. UD ಗೆ ಹಾಕಿದ್ರೆ ಆ ವರ್ಷದ ನಷ್ಟ ಉಳಿಯುತ್ತಾ?

ಹಳೇಮುನೀಮ: ಇಲ್ಲ. ತಡವಾದರೆ ವ್ಯಾಪಾರ ನಷ್ಟ ಮುಂದಕ್ಕೆ ಹೋಗಲ್ಲ, ಡಿಪ್ರಿಸಿಯೇಷನ್ ಭಾಗ ಮಾತ್ರ ಹೋಗುತ್ತೆ. ನಷ್ಟವನ್ನ UD ಗೆ ತುರುಕಬೇಡಿ, ಹಳೇ ರಿಟರ್ನ್ ಜೊತೆ ತಾಳೆಯಾಗಲ್ಲ.

ಖಾತೆಕಿರ್ದಿ: ಸರಿಹೋಯ್ತು, ತೆರಿಗೆ ಸೊನ್ನೆ. ಇನ್ನೊಂದು: ಪಾಲುದಾರರ ಸಂಬಳಕ್ಕೆ ಬುಕ್ ಪ್ರಾಫಿಟ್ ಲೆಕ್ಕ ಹಾಕುವಾಗ ಈ ಹಳೇ ಡಿಪ್ರಿಸಿಯೇಷನ್ ಕಳೀಬೇಕಾ?

ಹಳೇಮುನೀಮ: ಹಳೇ ನಷ್ಟ ಕಳೆಯೋ ಹಾಗಿಲ್ಲ, ಅದರಲ್ಲಿ ಅನುಮಾನವಿಲ್ಲ. ಡಿಪ್ರಿಸಿಯೇಷನ್ ವಿಷಯದಲ್ಲಿ ಎರಡು ವಾದ ಇವೆ. ನಾನು ಕಳೆಯಲ್ಲ.

ತುಮಕೂರುಟ್ಯಾಕ್ಸ್: 32(2) ಓದಿದ್ರೆ ಕಳೀಬೇಕು ಅಂತಲೇ ನನಗನ್ಸುತ್ತೆ. ಇದರಲ್ಲಿ ಮಾತ್ರ ನಾನು ಬಗ್ಗಲ್ಲ.