ಸಹಾಯ ಬೇಕು: ಆಫರ್ ಲೆಟರ್ ಸಾರಾಂಶದಲ್ಲಿ ನೋಟಿಸ್ ಅವಧಿ ಎಷ್ಟು ಅಂತ ಬರೆಯೋದು?

ಎಲ್ಲರಿಗೂ ನಮಸ್ಕಾರ. ಹನ್ನೊಂದು ಪುಟದ ಆಫರ್ ಲೆಟರನ್ನು ಒಂದು ಪುಟಕ್ಕೆ ಇಳಿಸುತ್ತಿದ್ದೇನೆ. ಸಹಿ ಹಾಕುವವರು ಓದೋದು ಆ ಒಂದೇ ಪುಟ.

ಸಂಬಳದ ಭಾಗ ಮುಗಿದಿದೆ. ವರ್ಷದ ಮೊತ್ತ 100 ಅಂದುಕೊಂಡರೆ ಅದರಲ್ಲಿ 15 ಸಾಧನೆ ನೋಡಿ ಕೊಡುವ ಬೋನಸ್, 10 ಸೇರುವಾಗಿನ ಬೋನಸ್. 12 ತಿಂಗಳೊಳಗೆ ಕೆಲಸ ಬಿಟ್ಟರೆ ಎರಡನೆಯದನ್ನು ವಾಪಸ್ ಕೊಡಬೇಕು. ಹಾಗಾಗಿ ತಿಂಗಳ ಲೆಕ್ಕಕ್ಕೆ 100 ಅಲ್ಲ, 75ನ್ನೇ 12ರಿಂದ ಭಾಗಿಸಿದ್ದೇನೆ. ತೆರಿಗೆ ಮತ್ತು ಇತರ ಕಡಿತ ಬೇರೆ.

ಸಿಕ್ಕಿಹಾಕಿಕೊಂಡಿರೋದು ಪ್ರೊಬೇಷನ್ ಹತ್ತಿರ. 4ನೇ ಕಲಂ ಪ್ರಕಾರ ಪ್ರೊಬೇಷನ್ 6 ತಿಂಗಳು, ಆಗ ನೋಟಿಸ್ 15 ದಿನ. ‘ಲಿಖಿತವಾಗಿ ಖಾಯಂ ಮಾಡುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ’. 9ನೇ ಕಲಂ ಮಾತ್ರ ‘6 ತಿಂಗಳ ನಂತರ ನೋಟಿಸ್ 90 ದಿನ’ ಅನ್ನುತ್ತೆ. ಖಾಯಂ ಪತ್ರ ಬಾರದೆ ಏಳನೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರೆ 15 ದಿನವೋ, 90 ದಿನವೋ? ಒಂದನ್ನೇ ಆರಿಸಿ ಬರೆದರೆ ಸಾರಾಂಶವೇ ಸುಳ್ಳು ಹೇಳಿದಂತೆ. ಎರಡೂ ಕಲಂ ಸಂಖ್ಯೆ ಕೊಟ್ಟು, ‘ಸಹಿಗೆ ಮುಂಚೆ ಇಮೇಲ್‌ನಲ್ಲಿ ಉತ್ತರ ಪಡೆಯಿರಿ’ ಅಂತ ಬರೆಯೋದೇ ಸರಿ ಅಂತ ನನ್ನ ಅನಿಸಿಕೆ.

ಇನ್ನೊಂದು: ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಅನ್ನೋ 12 ತಿಂಗಳ ನಿರ್ಬಂಧ ಕೊನೆಯ ಕೆಲಸದ ದಿನದಿಂದ ಶುರು. ನೋಟಿಸ್ 90 ದಿನವಾದರೆ ರಾಜೀನಾಮೆಯಿಂದ ಲೆಕ್ಕ ಹಾಕಿದಾಗ ಸುಮಾರು 15 ತಿಂಗಳು. ಯಾರು ‘ಪ್ರತಿಸ್ಪರ್ಧಿ’ ಅನ್ನೋದಕ್ಕೆ ವಿವರಣೆಯೇ ಇಲ್ಲ. ಇದು ಕೋರ್ಟಲ್ಲಿ ನಿಲ್ಲುತ್ತೋ ಇಲ್ಲವೋ ಅನ್ನೋದು ಸಾರಾಂಶದ ಕೆಲಸವಲ್ಲ, ಅದನ್ನು ಬಿಟ್ಟಿದ್ದೇನೆ.

ಎಚ್ಆರ್ ಅಥವಾ ಕರಾರು ಪತ್ರಗಳ ಕೆಲಸದಲ್ಲಿರುವವರು ಹೇಳಿ: ಇಂಥ ವಿರೋಧ ಇದ್ದಾಗ ಸಾರಾಂಶದಲ್ಲಿ ಹೇಗೆ ಬರೆಯುತ್ತೀರಿ?