ಬೈಗುಳವನ್ನು ವರದಿಯಲ್ಲಿ ಬರೆಯೋದು ಹೇಗೆ?

ಕೇಳಿದವರು: ನಾನು ಸೆಕ್ಯುರಿಟಿ ಕೆಲಸಕ್ಕೆ ಹೊಸಬ. ನಿನ್ನೆ ಆಸ್ಪತ್ರೆ ಗೇಟಿನಲ್ಲಿ ಒಬ್ಬರು ನನ್ನನ್ನು ತುಂಬಾ ಕೆಟ್ಟದಾಗಿ ಬೈದರು. ವರದಿಯಲ್ಲಿ ಆ ಮಾತನ್ನೆಲ್ಲ ಹಾಗೇ ಬರೆಯಬೇಕಾ? ಬರೆಯೋಕೆ ಕೈ ಬರ್ತಿಲ್ಲ. ನಿಮಗೆ ಅನುಭವ ಇದ್ದರೆ ಹೇಳಿ.

ಕಚೇರಿ ಗುಮಾಸ್ತೆ: ನನ್ನ ಪ್ರಕಾರ ಬೇಡ. ವರದಿಯನ್ನು ನಾಲ್ಕಾರು ಜನ ಓದುತ್ತಾರೆ. "ಅವಾಚ್ಯ ಶಬ್ದಗಳಿಂದ ನಿಂದಿಸಿದರು" ಅಂತ ಬರೆದರೆ ಸಾಕು. ನಿಮ್ಮ ಮಾತು ನಿಮ್ಮದು, ಅದು ಯಾವಾಗಲೂ ಮರ್ಯಾದೆಯಾಗಿಯೇ ಇರಲಿ.

ಸೆಕ್ಯುರಿಟಿ ಸೂಪರ್‌ವೈಸರ್, 16 ವರ್ಷ: ಕೊನೆಯ ಮಾತು ಸರಿ, ಮೊದಲನೆಯದು ಒಪ್ಪಲ್ಲ. "ಅವಾಚ್ಯ" ಅನ್ನೋದು ನಡೆದದ್ದಲ್ಲ, ನಿಮ್ಮ ತೀರ್ಮಾನ. ಓದುವವರಿಗೆ ಅದು ಬರೀ ಬೈಗುಳವೋ, ಬೆದರಿಕೆಯೋ, ಹೆಣ್ಣು ಅಂತಲೋ ಜಾತಿ ಹಿಡಿದೋ ಅಂದದ್ದೋ ಗೊತ್ತಾಗಲ್ಲ. ಮುಂದೆ ಏನು ಕ್ರಮ ಅನ್ನೋದು ನಿಂತಿರೋದೇ ಆ ವ್ಯತ್ಯಾಸದ ಮೇಲೆ.

ನನ್ನ ಕೈಕೆಳಗಿನ ಹುಡುಗನೊಬ್ಬ ಹೀಗೆ ಬರೆದಿದ್ದ: "ಒಬ್ಬ ಕುಡುಕ ಬಂದು ಬಾಯಿಗೆ ಬಂದ ಹಾಗೆ ಬೈದು ಬೆದರಿಸಿದ." ಕೂರಿಸಿಕೊಂಡು ಒಂದೊಂದೇ ಕೇಳಿದೆ. ಕೊನೆಗೆ ಆದದ್ದು ಇದು:

"ರಾತ್ರಿ 9:40. ನೀಲಿ ಅಂಗಿ ತೊಟ್ಟ ವ್ಯಕ್ತಿ ಗೇಟಿಗೆ ಬಂದರು. ಭೇಟಿಯ ಸಮಯ ಮುಗಿದಿದೆ ಎಂದು ತಿಳಿಸಿದೆ. ಅವರು ನನ್ನತ್ತ ಬೆರಳು ತೋರಿಸಿ ಜೋರು ದನಿಯಲ್ಲಿ, 'ಬೇವರ್ಸಿ, ನನ್ನ ತಡೆಯೋಕೆ ನೀನ್ಯಾವನೋ? ಹೊರಗೆ ಸಿಗು, ಕೈ ಮುರೀತೀನಿ' ಎಂದರು. ಮಾತಾಡುವಾಗ ಮದ್ಯದ ವಾಸನೆ ಬಂತು. ನಾನು 'ಬೆಳಿಗ್ಗೆ ಬನ್ನಿ' ಎಂದೆ."

ನೋಡಿ, ಬೈಗುಳ ಇರೋದು ಉದ್ಧರಣ ಚಿಹ್ನೆಯೊಳಗೆ ಮಾತ್ರ. ಚಿಹ್ನೆಯ ಹೊರಗೆ "ಬಂದರು", "ಎಂದರು" ಅಂತ ಮರ್ಯಾದೆಯಾಗಿಯೇ ಇದೆ. "ಕುಡುಕ" ಹೋಗಿ ವಾಸನೆ ಬಂತು, ಯಾಕಂದ್ರೆ ಅವನಿಗೆ ಗೊತ್ತಾದದ್ದು ಅಷ್ಟೇ. "ಬೆದರಿಸಿದ" ಅಂತ ಬರೆಯಬೇಕಾಗಲೇ ಇಲ್ಲ. "ಕೈ ಮುರೀತೀನಿ" ಸಾಕು.

ಇನ್ನೊಂದು, ಆಡುಮಾತನ್ನು ತಿದ್ದಬೇಡಿ. "ಮುರೀತೀನಿ" ಅನ್ನೋದು "ಮುರಿಯುತ್ತೇನೆ" ಆಗಬಾರದು. ಬೇರೆ ಭಾಷೆಯಲ್ಲಿ ಬೈದಿದ್ದರೆ ಕೇಳಿಸಿದ ಹಾಗೇ ಬರೆದು, ಅರ್ಥವನ್ನು ಕೆಳಗಿನ ಸಾಲಿನಲ್ಲಿ ಕೊಡಿ.

ಅಂಗಡಿ ಕ್ಯಾಷಿಯರ್: ಫೋನಿನಲ್ಲಿ ರೆಕಾರ್ಡ್ ಮಾಡಿಬಿಡಿ ಸರ್, ತಂಟೆಯೇ ಇಲ್ಲ. ನಾನು ಒಮ್ಮೆ ಫೋನ್ ತೆಗೆದ ತಕ್ಷಣ ಆ ಮನುಷ್ಯ ಇನ್ನೂ ರೇಗಿದ, ಅದು ಬೇರೆ ಮಾತು.

ಸೂಪರ್‌ವೈಸರ್: ಅವರು ಕೇಳಿದ್ದು ಬರೆಯೋದರ ಬಗ್ಗೆ ಅಮ್ಮ. ರೆಕಾರ್ಡಿಂಗ್‌ಗೆ ಕೆಲಸದ ಜಾಗದ ಅನುಮತಿ ಬೇಕಾಗಬಹುದು, ಮೊದಲು ಕೇಳಿಕೊಳ್ಳಿ. ರೆಕಾರ್ಡಿಂಗ್ ಇದ್ದರೂ ವರದಿ ಬರೆಯಲೇಬೇಕು.

ವಾರ್ಡ್ ನರ್ಸ್: ನನಗೆ ಆದದ್ದು ಹೇಳ್ತೀನಿ. ಶಿಫ್ಟ್ ಮುಗಿದ ಮೇಲೆ ಬರೆಯೋಣ ಅಂತ ಬಿಟ್ಟೆ. ಆರು ತಾಸು ಕಳೆದ ಮೇಲೆ ಕೂತರೆ ಎರಡು ಪದ ಮಾತ್ರ ಪಕ್ಕಾ ನೆನಪಿತ್ತು. ಉಳಿದದ್ದನ್ನು ಅಂದಾಜಿನಿಂದ ಸೇರಿಸಿ ಎಲ್ಲವನ್ನೂ ಉದ್ಧರಣ ಚಿಹ್ನೆಯಲ್ಲಿ ಹಾಕಿದೆ. ವಿಚಾರಣೆಯಲ್ಲಿ ಪಕ್ಕದಲ್ಲಿದ್ದ ಆಯಾ ಬೇರೆ ಥರ ಹೇಳಿದರು. ಆಮೇಲೆ ನನ್ನ ವರದಿಯಲ್ಲಿ ನಿಜ ಇದ್ದದ್ದನ್ನೂ ನಂಬಲಿಲ್ಲ. ತುಂಬಾ ನೋವಾಯಿತು. ಈಗ ಕೈಗೆ ಸಿಕ್ಕ ಚೀಟಿಯಲ್ಲೇ ಗಂಟೆ ಮತ್ತು ಆ ಮಾತು ಗೀಚಿಕೊಳ್ತೀನಿ, ಆ ಚೀಟಿ ಎಸೆಯಲ್ಲ. ಪೂರ್ತಿ ನೆನಪಿಲ್ಲದ ಕಡೆ ಚಿಹ್ನೆ ಹಾಕದೆ "ಈ ಅರ್ಥದ ಮಾತು ಹೇಳಿದರು" ಅಂತ ಬರೀತೀನಿ. ಆಯಾ ಕೇಳಿಸಿಕೊಂಡದ್ದನ್ನು "ಆಯಾ ನನಗೆ ತಿಳಿಸಿದಂತೆ" ಅಂತ ಬೇರೆ ಇಡ್ತೀನಿ.

ಕೇಳಿದವರು: ಒಂದು ಪದವಂತೂ ಅಮ್ಮನ ಬಗ್ಗೆ. ಮೊದಲ ಅಕ್ಷರ ಬರೆದು ಚುಕ್ಕಿ ಹಾಕಲಾ? ಮತ್ತೆ, ನಾನೂ ಒಂದು ಮಾತು ಜೋರಾಗಿ ಅಂದೆ.

ಸೂಪರ್‌ವೈಸರ್: ಚುಕ್ಕಿ ಹಾಕಿದರೆ ಓದುವವರು ಅದಕ್ಕಿಂತ ಕೆಟ್ಟ ಪದವನ್ನೂ ತುಂಬಿಕೊಳ್ಳಬಹುದು, ಹಗುರದ್ದನ್ನೂ ತುಂಬಿಕೊಳ್ಳಬಹುದು. ಪೂರ್ತಿ ಬರೆಯಿರಿ. ಅದನ್ನೇ ಹತ್ತು ಸಲ ಅಂದಿದ್ದರೆ ಒಮ್ಮೆ ಬರೆದು, "ಇದೇ ಮಾತನ್ನು ಹಲವು ಸಲ ಹೇಳಿದರು" ಅನ್ನಿ. ಎಣಿಸಿದ್ದರೆ ಮಾತ್ರ ಸಂಖ್ಯೆ ಹಾಕಿ. ನೀವು ಅಂದದ್ದನ್ನೂ ಅದು ಬಂದ ಜಾಗದಲ್ಲೇ, ಅದೇ ಪದಗಳಲ್ಲಿ ಬರೆಯಿರಿ. ಅದನ್ನು ಬೇರೆಯವರು ಹೇಳಿದರೆ ನೀವು ಮುಚ್ಚಿಟ್ಟ ಹಾಗಾಗುತ್ತೆ, ಅಲ್ವಾ?

ವಾರ್ಡ್ ನರ್ಸ್: ಚುಕ್ಕಿ ವಿಷಯದಲ್ಲಿ ನಮ್ಮಲ್ಲಿ ಬೇರೆ ಕ್ರಮ ಇದೆ ಸರ್. ಮುಖ್ಯ ವರದಿಯಲ್ಲಿ ಚುಕ್ಕಿ, ಪೂರ್ತಿ ಪದ ಜೊತೆಗಿನ ಮುಚ್ಚಿದ ಹಾಳೆಯಲ್ಲಿ. ಬೈಸಿಕೊಂಡವರ ಹೆಸರಿನ ಪಕ್ಕ ಆ ಪದವನ್ನು ಎಲ್ಲರೂ ಓದೋದು ಬೇಡ ಅಂತ.

ಸೂಪರ್‌ವೈಸರ್: ಹಾಳೆ ಕಳೆದುಹೋದರೆ? ನನಗೆ ಒಂದೇ ಕಡೆ ಇರೋದೇ ಸರಿ ಅನ್ನಿಸುತ್ತೆ. ಆದರೆ ಇಮೇಲ್‌ನ ವಿಷಯದ ಸಾಲಿನಲ್ಲಿ ಮಾತ್ರ ಆ ಪದ ಬೇಡ, "ಗೇಟಿನ ಘಟನೆ, ರಾತ್ರಿ" ಅಂತಿರಲಿ. ನಿಮ್ಮಲ್ಲಿ ಯಾವ ಕ್ರಮ ಅಂತ ಮೇಲಿನವರನ್ನು ಕೇಳಿ, ಇವತ್ತೇ.

ಕೇಳಿದವರು: ಕೇಳ್ತೀನಿ. ಅದಕ್ಕೂ ಮುಂಚೆ ಈಗಲೇ ಚೀಟಿಯಲ್ಲಿ ಬರೆದಿಡ್ತೀನಿ, ನನ್ನ ಮಾತನ್ನೂ ಸೇರಿಸಿ.